ತಪ್ಪಿನ ಪುಸ್ತಕದಲ್ಲಿ ಸಿಕ್ಕಿಬಿದ್ದ ದೀರ್ಘ

ನನ್ನ ಮೇಜಿನ ಮೇಲೆ ಇನ್ನೂರು ಪುಟದ ಒಂದು ರೂಲು ಪುಸ್ತಕವಿದೆ. ಅದರಲ್ಲಿರುವುದು ನಾನು ಬರೆಯುವಾಗ ಮಾಡಿದ ತಪ್ಪುಗಳು ಮಾತ್ರ. ಕರಡು ತಿದ್ದುವವರು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದನ್ನೆಲ್ಲ ಅದಕ್ಕೆ ಇಳಿಸುತ್ತೇನೆ. ದಿನಾಂಕ, ತಪ್ಪಿದ ವಾಕ್ಯ, ಸರಿಯಾದ ರೂಪ, ಕೊನೆಗೆ ಯಾಕೆ ತಪ್ಪಿತು ಎಂಬುದಕ್ಕೆ ನನ್ನದೇ ಮಾತಿನ ಒಂದು ಸಾಲು. ಪದವೊಂದನ್ನೇ ಬರೆದಿಟ್ಟರೆ ಸಾಲದು. ತಿಂಗಳು ಕಳೆದ ಮೇಲೆ ಅದು ಎಲ್ಲಿ ಬಂದಿತ್ತೆಂದೇ ನೆನಪಿರುವುದಿಲ್ಲ.

ಬೆರಳು ಜಾರಿ ಆದ ತಪ್ಪನ್ನು ಬರೆಯುವುದಿಲ್ಲ. ಮರುದಿನ ನೋಡಿದಾಗ ನಿಘಂಟು ತೆರೆಯದೆ ತಿದ್ದಲು ಬಂದರೆ ಅದು ಜಾರಿದ್ದು. ತಡವರಿಸಿದರೆ ಪುಸ್ತಕಕ್ಕೆ.

ಎರಡು ತಿಂಗಳ ಬರಹ ಒಟ್ಟಿಗೆ ಓದಿದಾಗ ಬೇರೆ ಬೇರೆ ದಿನದ ಎರಡು ನಮೂದುಗಳು ಕಣ್ಣಿಗೆ ಬಿದ್ದವು: ‘ಕೋಟ್ಯಾಂತರ’, ‘ಜಾತ್ಯಾತೀತ’. ಸರಿಯಾದವು ಕೋಟ್ಯಂತರ, ಜಾತ್ಯತೀತ. ಎರಡರಲ್ಲೂ ಒಂದೇ ಕಡೆ ಬೇಡದ ದೀರ್ಘ. ಶಾಲೆಯಲ್ಲಿ ಕಲಿತ ಯಣ್ ಸಂಧಿ ಇದು. ಕೋಟಿ ಮತ್ತು ಅಂತರ ಸೇರಿದಾಗ ‘ಟಿ’ಯ ಇಕಾರ ಯಕಾರವಾಗುತ್ತದೆ, ಮುಂದಿನ ‘ಅ’ ಹ್ರಸ್ವವಾಗಿಯೇ ಉಳಿಯುತ್ತದೆ. ಹಾಗಿದ್ದರೆ ದೀರ್ಘ ಎಲ್ಲಿಂದ ಬಂತು? ‘ಲಕ್ಷಾಂತರ’ದಿಂದ. ಅಲ್ಲಿ ಲಕ್ಷದ ಕೊನೆಯ ಅಕಾರವೂ ಅಂತರದ ಅಕಾರವೂ ಕೂಡಿ ದೀರ್ಘವಾಗುವುದು ನ್ಯಾಯವೇ. ‘ಲಕ್ಷಾಂತರ, ಕೋಟ್ಯಾಂತರ’ ಎಂದು ಜೋಡಿಯಾಗಿ ಆಡಿ ಆಡಿ ಕಿವಿ ಒಗ್ಗಿಹೋಗಿತ್ತು. ಬಿಡಿಬಿಡಿಯಾಗಿ ತಿದ್ದಿಕೊಂಡಾಗ ಇದು ಹೊಳೆದಿರಲಿಲ್ಲ.

ಅಂದಿನಿಂದ ಲೇಖನ ಕಳಿಸುವ ಮುನ್ನ ಕಂಪ್ಯೂಟರಿನಲ್ಲಿ ‘ತ್ಯಾ’, ‘ಟ್ಯಾ’ ಹುಡುಕುತ್ತೇನೆ. ಸತ್ಯಾಗ್ರಹ, ಟ್ಯಾಂಕರ್ ಎಲ್ಲ ಮೇಲೇಳುತ್ತವೆ, ನಿಜ. ಅವನ್ನು ದಾಟಿ ಹೋಗಲು ಅರ್ಧ ನಿಮಿಷ ಸಾಕು.

ಆಮೇಲೆ ಪುಸ್ತಕ ಇನ್ನೊಂದು ಚೇಷ್ಟೆ ತೋರಿಸಿತು. ದೀರ್ಘದ ಮೇಲೆ ಅಷ್ಟು ಅನುಮಾನ ಬೆಳೆದಿತ್ತೆಂದರೆ ನಾನು ‘ಅತ್ಯಧುನಿಕ’ ಎಂದು ಬರೆದಿದ್ದೆ! ಎರಡನೇ ಪದ ‘ಆಧುನಿಕ’, ಅದರ ಆಕಾರ ಎಲ್ಲಿಗೂ ಹೋಗುವುದಿಲ್ಲ, ಅತ್ಯಾಧುನಿಕವೇ ಸರಿ. ಹಾಗಾಗಿ ಕಾರಣದ ಸಾಲನ್ನು ಹೊಡೆದು ಹೊಸದಾಗಿ ಬರೆದೆ: ‘ಇಕಾರದ ಮುಂದೆ ಬರುವ ಪದವನ್ನು ಮೊದಲು ಬಿಡಿಸಿ ನೋಡು.’ ಮುಂದಿನ ಮೂರ್ನಾಲ್ಕು ಲೇಖನಗಳಲ್ಲಿ ಮತ್ತೆ ಬರದಿದ್ದರೆ ನಮೂದಿಗೆ ಅಡ್ಡಗೆರೆ ಎಳೆಯುತ್ತೇನೆ. ಬಂದರೆ ಪಕ್ಕದಲ್ಲಿ ಒಂದು ಚುಕ್ಕಿ. ಜಾತ್ಯತೀತಕ್ಕೆ ಈಗಾಗಲೇ ಎರಡು ಚುಕ್ಕಿ.

ಆದರೆ ಕಣ್ಣಿಗೆ ಬೀಳದ್ದು ಪುಸ್ತಕಕ್ಕೂ ಬರುವುದಿಲ್ಲ. ವರ್ಷಗಟ್ಟಲೆ ಹಬ್ಬಕ್ಕೆಲ್ಲ ‘ಶುಭಾಷಯ’ ಕಳಿಸುತ್ತಿದ್ದೆ. ಅದು ತಪ್ಪೆಂಬ ಅನುಮಾನವೇ ಇರಲಿಲ್ಲ. ಕಳೆದ ಯುಗಾದಿಗೆ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೇಟಿನ ಹತ್ತಿರ ನಿಲ್ಲಿಸಿ, “ಶುಭ, ಆಶಯ. ಇದರಲ್ಲಿ ಭಾಷೆ ಎಲ್ಲಿಂದ ಬಂತಪ್ಪಾ?” ಎಂದರು. ಒಳಗೆ ಬಂದು ಪೆನ್ನು ಹುಡುಕಿದೆ.