ಮೂರು ವರ್ಷದ ನಂತರದ ಬೆಲೆಗೆ ಹೊಣೆ ಯಾರು?

ಕಾರನ್ನು ಸಾಲದ ಮೇಲೆ ತೆಗೆದುಕೊಂಡರೆ ಆರ್‌ಸಿ ನಿಮ್ಮ ಹೆಸರಿಗೇ ಬರುತ್ತದೆ. ಸಾಲ ತೀರುವವರೆಗೆ ಅದರಲ್ಲಿ ಬ್ಯಾಂಕಿನ ಹೈಪೋಥಿಕೇಶನ್ ಇರುತ್ತದೆ, ಅಷ್ಟೇ. ಲೀಸ್‌ನಲ್ಲಿ ಮಾಲೀಕತ್ವ ಲೀಸ್ ಕಂಪನಿಯದು. ನೀವು ಬಾಡಿಗೆ ಕಟ್ಟಿ ಓಡಿಸುತ್ತೀರಿ, ಅವಧಿ ಮುಗಿದಾಗ ಹಿಂತಿರುಗಿಸುತ್ತೀರಿ. ಬೆಂಗಳೂರಿನ ಎಷ್ಟೋ ಕಚೇರಿಗಳು ನೌಕರರಿಗೆ ಈ ಸೌಲಭ್ಯ ಕೊಡುತ್ತಿವೆ. ಮುಂಗಡ ಕಟ್ಟುವ ಗೋಜಿಲ್ಲ ಎಂಬುದನ್ನೇ ನೋಡಿ ಒಪ್ಪಿಕೊಳ್ಳುವವರು ಬಹಳ. ಆದರೆ ಬಾಡಿಗೆಯನ್ನು ನಿರ್ಧರಿಸುವ ಅಂಕಿ ಒಪ್ಪಂದದ ಒಳಗೆಲ್ಲೋ ಇರುತ್ತದೆ. ಅದೇ ಉಳಿಕೆ ಮೌಲ್ಯ, ಅಂದರೆ ಲೀಸ್ ಮುಗಿಯುವ ದಿನ ಆ ಕಾರಿಗೆ ಇಷ್ಟು ಬೆಲೆ ಇರುತ್ತದೆ ಎಂದು ಕಂಪನಿ ಇಂದೇ ಮಾಡಿಕೊಂಡ ಅಂದಾಜು.

ಒಂದು ಉದಾಹರಣೆ ಹಾಕಿಕೊಳ್ಳೋಣ. ಕಾರಿನ ಆನ್ ರೋಡ್ ಬೆಲೆ 12 ಲಕ್ಷ, ಲೀಸ್ ಮೂರು ವರ್ಷಕ್ಕೆ, ಉಳಿಕೆ ಮೌಲ್ಯ 6 ಲಕ್ಷ. ಕಾರು ಕಳೆದುಕೊಳ್ಳುವ 6 ಲಕ್ಷವನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 16,700 ರೂಪಾಯಿ. ಜೊತೆಗೆ ಕಂಪನಿ ಹೂಡಿದ ಹಣಕ್ಕೆ ಬಡ್ಡಿ ಬೇಕು. 12 ಮತ್ತು 6ರ ಸರಾಸರಿ 9 ಲಕ್ಷಕ್ಕೆ ಶೇ. 10ರಂತೆ ತಿಂಗಳಿಗೆ 7,500. ಒಟ್ಟು 24,200, ಅದರ ಮೇಲೆ ಜಿಎಸ್‌ಟಿ. ಸಣ್ಣ ಪೆಟ್ರೋಲ್ ಕಾರಾದರೆ ಶೇ. 18, ಹಾಗಾಗಿ ಬಾಡಿಗೆ ಸುಮಾರು 28,500ಕ್ಕೆ ನಿಲ್ಲುತ್ತದೆ. ಮೂರು ವರ್ಷಕ್ಕೆ 10.3 ಲಕ್ಷ ಖರ್ಚಾಗಿ, ಕೊನೆಗೆ ಕೈಯಲ್ಲಿ ಕಾರಿಲ್ಲ.

ಅದೇ ಕಾರಿಗೆ 2 ಲಕ್ಷ ಮುಂಗಡ ಕೊಟ್ಟು, ಉಳಿದ 10 ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ಐದು ವರ್ಷದ ಸಾಲ ಮಾಡಿದಿರಿ ಎನ್ನಿ. ಕಂತು ಸುಮಾರು 20,760. ಮೂರು ವರ್ಷಕ್ಕೆ ಮುಂಗಡವೂ ಸೇರಿ ನೀವು ಕಟ್ಟಿರುವುದು 9.47 ಲಕ್ಷ, ಇನ್ನೂ 4.54 ಲಕ್ಷ ಸಾಲ ಬಾಕಿ. ಆಗ ಕಾರನ್ನು 6 ಲಕ್ಷಕ್ಕೆ ಮಾರಿ ಸಾಲ ತೀರಿಸಿದರೆ 1.46 ಲಕ್ಷ ನಿಮ್ಮಲ್ಲಿ ಉಳಿಯುತ್ತದೆ. ನಿಜವಾದ ಖರ್ಚು 8 ಲಕ್ಷದ ಆಸುಪಾಸು. ಲೀಸ್‌ಗಿಂತ ಎರಡೂಕಾಲು ಲಕ್ಷ ಕಡಿಮೆ. ಆದ್ದರಿಂದ ಲೀಸ್ ಬಾಡಿಗೆಯಲ್ಲಿ ವಿಮೆ, ಸರ್ವಿಸ್, ಟೈರು ಸೇರಿವೆಯೇ ಎಂಬುದನ್ನು ಮೊದಲು ನೋಡಬೇಕು. ಅವೆಲ್ಲ ಸೇರಿದ್ದರೆ ಈ ಅಂತರ ಬಹಳಷ್ಟು ಕರಗುತ್ತದೆ. ಕಚೇರಿಯ ಮೂಲಕ ತೆರಿಗೆ ಉಳಿತಾಯವಿದ್ದರೆ ಲೆಕ್ಕ ಲೀಸ್ ಕಡೆಗೂ ವಾಲಬಹುದು.

ಇನ್ನೊಂದು ವ್ಯತ್ಯಾಸವಿದೆ, ನನಗೆ ಮುಖ್ಯವೆನಿಸುವುದು ಅದೇ. ಮೂರು ವರ್ಷದ ಹೊತ್ತಿಗೆ ಆ ಮಾದರಿಯ ತಯಾರಿಕೆ ನಿಂತು, ಸೆಕೆಂಡ್ ಹ್ಯಾಂಡ್ ಬೆಲೆ 4.8 ಲಕ್ಷಕ್ಕೆ ಕುಸಿಯಿತು ಎನ್ನಿ. ಸಾಲ ಮಾಡಿ ಕೊಂಡವರಿಗೆ 1.2 ಲಕ್ಷ ನಷ್ಟ. ಲೀಸ್ ಪಡೆದವರು ಕೀ ಕೊಟ್ಟು ಬರುತ್ತಾರೆ, ನಷ್ಟ ಕಂಪನಿಗೆ. ಮರುಮಾರಾಟದ ಬೆಲೆ ಅಂದಾಜಿಗೆ ಸಿಗದ ಹೊಸ ಎಲೆಕ್ಟ್ರಿಕ್ ಮಾದರಿಗಳ ವಿಷಯದಲ್ಲಿ ಈ ರಕ್ಷಣೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ತಪ್ಪಿಲ್ಲ.

ಕಂಪನಿ ಆ ಹೊಣೆಯನ್ನು ಷರತ್ತಿಲ್ಲದೆ ಹೊರುವುದಿಲ್ಲ. ಕಾರು ಇಷ್ಟೇ ಓಡಿರುತ್ತದೆ ಎಂದು ಭಾವಿಸಿಯೇ ಅದು 6 ಲಕ್ಷದ ಅಂದಾಜು ಮಾಡಿರುವುದು. ಆ ಮಿತಿ ಮೀರಿದ ಪ್ರತಿ ಕಿಲೋಮೀಟರಿಗೂ ದರವಿರುತ್ತದೆ. ವರ್ಷಕ್ಕೆ 15,000 ಕಿ.ಮೀ. ಮಿತಿ, ಮೀರಿದರೆ ಕಿ.ಮೀ.ಗೆ 8 ರೂಪಾಯಿ ಎಂದಿಟ್ಟುಕೊಳ್ಳಿ. ಕೆಲಸಕ್ಕೆ ದಿನಕ್ಕೆ 50 ಕಿ.ಮೀ. ಓಡಿಸುವವರಿಗೆ ತಿಂಗಳ 22 ದಿನದಲ್ಲೇ 1,100 ಕಿ.ಮೀ., ವರ್ಷಕ್ಕೆ 13,200 ಆಗುತ್ತದೆ. ಮಿತಿಯೊಳಗೇ ಇದ್ದೇವೆ ಅನ್ನಿಸುತ್ತದೆ. ತಿಂಗಳಿಗೆರಡು ಸಲ ಬೆಂಗಳೂರಿನಿಂದ ಮೈಸೂರಿಗೆ ಹೋಗಿಬಂದರೆ ವರ್ಷಕ್ಕೆ ಸುಮಾರು 7,000 ಸೇರುತ್ತದೆ. ಮೂರು ವರ್ಷಕ್ಕೆ 60,000 ದಾಟಿ, ಹೆಚ್ಚುವರಿ 15,000 ಕಿ.ಮೀ.ಗೆ 1.2 ಲಕ್ಷದ ಬಿಲ್ಲು ಕಾರು ಹಿಂತಿರುಗಿಸುವ ದಿನ ಬರುತ್ತದೆ. ಮೊದಲೇ 20,000ದ ಮಿತಿ ಕೇಳಿ, ಅದಕ್ಕಾಗಿ ತಿಂಗಳಿಗೆ 2,000 ಹೆಚ್ಚು ಕಟ್ಟಿದ್ದರೂ 72,000ಕ್ಕೆ ಮುಗಿಯುತ್ತಿತ್ತು. ಕಡಿಮೆ ಓಡಿಸಿದರೆ ಸಾಮಾನ್ಯವಾಗಿ ಹಣ ವಾಪಸ್ ಬರುವುದಿಲ್ಲ. ಹಾಗಾಗಿ ಈಗಿರುವ ಗಾಡಿಯ ಓಡೋಮೀಟರ್ ನೋಡಿ ವರ್ಷದ ಓಡಾಟ ಲೆಕ್ಕ ಹಾಕಿಯೇ ಮಿತಿ ಆರಿಸಬೇಕು. ಮಿತಿಯನ್ನು ವರ್ಷವರ್ಷ ಅಳೆಯುತ್ತಾರೋ ಅಥವಾ ಮೂರು ವರ್ಷಕ್ಕೆ ಒಟ್ಟಾಗಿಯೋ ಎಂಬುದನ್ನೂ ಕೇಳಿ. ಒಂದು ವರ್ಷ ಹೆಚ್ಚು, ಮರುವರ್ಷ ಕಡಿಮೆ ಓಡಿಸುವವರಿಗೆ ಒಟ್ಟು ಲೆಕ್ಕವೇ ಅನುಕೂಲ.

ಲೀಸ್ ಮುಗಿದ ಮೇಲೆ ಕಾರನ್ನು ಕೊಂಡುಕೊಳ್ಳುವ ಆಯ್ಕೆ ಕೆಲವು ಒಪ್ಪಂದಗಳಲ್ಲಿದೆ. ಅಲ್ಲಿ ಉಳಿಕೆ ಮೌಲ್ಯದ ಆಟ ತಿರುಗಿಬಿಡುತ್ತದೆ. ಬಾಡಿಗೆ ಕಡಿಮೆ ಕಾಣಲೆಂದು ಅದನ್ನು 7 ಲಕ್ಷಕ್ಕೆ ಏರಿಸಿದ್ದರೆ, ಹಿಂತಿರುಗಿಸುವವರಿಗೆ ಲಾಭ. ಕೊಳ್ಳುವವರು ಮಾತ್ರ ಹೊರಗೆ 6 ಲಕ್ಷಕ್ಕೆ ಸಿಗುವ ಕಾರಿಗೆ 7 ಲಕ್ಷ ಕೊಡಬೇಕು. ಕಾರು ಇಟ್ಟುಕೊಳ್ಳುವ ಮನಸ್ಸಿದೆಯೋ ಇಲ್ಲವೋ ಎಂಬುದನ್ನು ಸಹಿ ಹಾಕುವ ಮೊದಲೇ ತೀರ್ಮಾನಿಸಿಕೊಂಡು, ಆಮೇಲೆ ಆ ಅಂಕಿಯನ್ನು ನೋಡಿ.