ಡಾಕ್ಟರಿಗೆ ಜ್ವರದ ಮೆಸೇಜ್: ಏನು ಬರೆಯಬೇಕು?

‘ಡಾಕ್ಟ್ರೇ, ಅಮ್ಮನಿಗೆ ಎರಡು ದಿನದಿಂದ ಜೋರು ಜ್ವರ. ಮಾತ್ರೆ ಕೊಟ್ಟರೂ ಬಿಟ್ಟಿಲ್ಲ. ಏನು ಮಾಡಲಿ?’

ಮಳೆಗಾಲದಲ್ಲಿ ಕ್ಲಿನಿಕ್ಕಿನ ವಾಟ್ಸಾಪಿಗೆ ಇಂಥ ಮೆಸೇಜುಗಳು ಸಾಲುಸಾಲಾಗಿ ಬರುತ್ತವೆ. ಇದನ್ನು ಓದಿದ ವೈದ್ಯರಿಗೆ ಉತ್ತರ ಕೊಡಲಾಗದು, ಮತ್ತೆ ಪ್ರಶ್ನೆ ಕೇಳಬೇಕಾಗುತ್ತದೆ. ಅದೇ ಮಾತನ್ನು ಹೀಗೆ ಬರೆದರೆ?

‘ನಮಸ್ಕಾರ ಡಾಕ್ಟ್ರೇ. ಅಮ್ಮ, 58 ವರ್ಷ, ಶುಗರ್ ಇದೆ. ಸೋಮವಾರ ಸಂಜೆ ಚಳಿ ಬಂದು ಜ್ವರ ಶುರುವಾಯಿತು. ಇವತ್ತು ಬುಧವಾರ ಬೆಳಿಗ್ಗೆ 7ಕ್ಕೆ 102.4, ಮಾತ್ರೆ ಕೊಟ್ಟ ಮೇಲೆ 9ಕ್ಕೆ 100. ಮೈಕೈ ನೋವು, ಕಣ್ಣಿನ ಹಿಂದೆ ನೋವು. ಗಂಜಿ, ನೀರು ಕುಡಿಯುತ್ತಿದ್ದಾರೆ, ವಾಂತಿಯಿಲ್ಲ. 8ಕ್ಕೆ ಮೂತ್ರಕ್ಕೆ ಹೋಗಿದ್ದಾರೆ. ಪ್ಯಾರಸಿಟಮಾಲ್ 650 ನಿನ್ನೆ ಮೂರು, ಇವತ್ತು 7ಕ್ಕೆ ಒಂದು. ನಿನ್ನೆ ರಾತ್ರಿ ಮೈಕೈ ನೋವಿಗೆಂದು ಮೆಡಿಕಲ್ ಶಾಪಿನಿಂದ ತಂದ ಮಾತ್ರೆ ಒಂದು, ಫೋಟೋ ಕಳಿಸಿದ್ದೇನೆ. ದಿನಾ ಮೆಟ್‌ಫಾರ್ಮಿನ್, ಆಸ್ಪಿರಿನ್ ತೆಗೆದುಕೊಳ್ಳುತ್ತಾರೆ.’

‘ಎರಡು ದಿನದಿಂದ’ ಎಂದದ್ದನ್ನು ಮರುದಿನ ಓದಿದರೆ ಲೆಕ್ಕ ತಪ್ಪುತ್ತದೆ. ‘ಸೋಮವಾರ ಸಂಜೆ’ ಎಂದರೆ ಯಾವಾಗ ಓದಿದರೂ ತಪ್ಪುವುದಿಲ್ಲ. ಡೆಂಗಿಯ ಅನುಮಾನವಿದ್ದರೆ ಎನ್‌ಎಸ್1 ಪರೀಕ್ಷೆ ಹೆಚ್ಚು ನೆರವಾಗುವುದು ಮೊದಲ ಐದು ದಿನಗಳಲ್ಲಿ. ಆಮೇಲೆ ಐಜಿಎಂ ಪರೀಕ್ಷೆ ಬೇಕಾಗುತ್ತದೆ. ಯಾವುದನ್ನು ಬರೆದುಕೊಡಬೇಕೆಂಬುದು ಜ್ವರ ಶುರುವಾದ ದಿನದ ಮೇಲೆ ನಿಂತಿದೆ.

‘ಜೋರು’ ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಥರ್ಮಾಮೀಟರಿನ ಅಂಕಿಯ ಜೊತೆಗೆ ನೋಡಿದ ಹೊತ್ತನ್ನೂ ಬರೆಯಿರಿ, ಏಕೆಂದರೆ ಮಾತ್ರೆ ನುಂಗಿ ಎರಡು ಗಂಟೆಯಾದ ಮೇಲೆ ಕಾಣುವ 100 ಔಷಧದಿಂದ ಇಳಿದದ್ದಿರಬಹುದು. ಅಂಕಿಗಿಂತಲೂ ಹೆಚ್ಚು ಹೇಳುವುದು ರೋಗಿಯ ಸ್ಥಿತಿ: ಎದ್ದು ಓಡಾಡುತ್ತಾರೆಯೇ, ಕುಡಿದದ್ದು ಒಳಗೆ ನಿಲ್ಲುತ್ತಿದೆಯೇ, ಮೂತ್ರ ಯಾವಾಗ ಆಯಿತು?

‘ಮಾತ್ರೆ ಕೊಟ್ಟೆವು’ ಎಂಬಲ್ಲಿ ಅಪಾಯ ಅಡಗಿರಬಹುದು. ನೆಗಡಿಯ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಇರುತ್ತದೆ. ಜ್ವರದ ಮಾತ್ರೆಯ ಜೊತೆ ಅದೂ ಸೇರಿದರೆ ಪ್ರಮಾಣ ಮೀರಿ ಲಿವರಿಗೆ ಪೆಟ್ಟಾಗಬಹುದು. ನೋವಿನ ಮಾತ್ರೆಯಲ್ಲಿ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಇದ್ದರೆ ಡೆಂಗಿಯಲ್ಲಿ ರಕ್ತಸ್ರಾವದ ಭಯ ಹೆಚ್ಚುತ್ತದೆ. ಆಸ್ಪಿರಿನ್ನಿನದೂ ಅದೇ ಕಥೆ. ಹಾಗೆಂದು ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ನನ್ನು ನೀವಾಗಿಯೇ ನಿಲ್ಲಿಸಬೇಡಿ, ಕೇಳಿ. ಹೆಸರು, ಎಷ್ಟು ಎಂಜಿ, ಎಷ್ಟು ಸಲ, ಕೊನೆಯದು ಎಷ್ಟು ಹೊತ್ತಿಗೆ, ಇಷ್ಟನ್ನೂ ಬರೆಯಿರಿ. ಹೆಸರು ತಿಳಿಯದಿದ್ದರೆ ಸ್ಟ್ರಿಪ್ಪಿನ ಬರಹವಿರುವ ಬದಿಯ ಫೋಟೋ ಸಾಕು. ಔಷಧದ ಅಲರ್ಜಿ ಇದ್ದರೆ ಅದನ್ನೂ ಸೇರಿಸಿ.

ಕೆಲವಕ್ಕೆ ಮೆಸೇಜ್ ಸಲ್ಲದು. ಡೆಂಗಿ ಬಿಗಡಾಯಿಸುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ. ಆಗ ತೀವ್ರ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಮೂಗು-ವಸಡಿನಲ್ಲಿ ರಕ್ತ, ಮಂಪರು, ಉಸಿರಾಟದ ಕಷ್ಟ ಕಂಡರೆ, ಅಥವಾ ಆರು ಗಂಟೆಯಾದರೂ ಮೂತ್ರವಾಗದಿದ್ದರೆ, ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬರೆದಿಟ್ಟ ಮೆಸೇಜನ್ನು ಅಲ್ಲಿನ ಡ್ಯೂಟಿ ಡಾಕ್ಟರಿಗೆ ತೋರಿಸಿ.