ಐದು ಗ್ರಾಂ ಎಂದು ಬರೆದ ಡಬ್ಬಿಯಲ್ಲಿ ಎಷ್ಟಿದೆ?

ಒಣಗಿರುವಷ್ಟು ದಿನ ಕ್ರಿಯೇಟಿನ್ ಪುಡಿ ಕೆಡುವುದೇ ಇಲ್ಲ ಎನ್ನಬಹುದು. 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 3 ವರ್ಷ ಇಟ್ಟು ಪರೀಕ್ಷಿಸಿದಾಗಲೂ ಕ್ರಿಯೇಟಿನ್ ಮೊನೊಹೈಡ್ರೇಟ್ ಹಾಳಾದ ಗುರುತು ಸಿಕ್ಕಿಲ್ಲ. ರಾಯಚೂರಿನ ಬೇಸಿಗೆಯನ್ನು ಕಪಾಟಿನಲ್ಲೇ ಕಳೆದ ಡಬ್ಬಿಯಿಂದಲೂ ನಿಶ್ಚಿಂತೆಯಿಂದ ಒಂದು ಸ್ಕೂಪ್ ತೆಗೆದುಕೊಳ್ಳಬಹುದು. ಅದೇ ಪುಡಿ ನೀರಿನಲ್ಲಿ ಕರಗಿತೆಂದರೆ ಸಂಗತಿ ಬೇರೆಯಾಗುತ್ತದೆ. ಕುಡಿಯಲು ಸಿದ್ಧವಾಗಿ ಬರುವ ಬಾಟಲಿಗಳ ಮತ್ತು ಜಗಿದು ತಿನ್ನುವ ಗಮ್ಮಿಗಳ ಲೇಬಲ್ಲನ್ನು ಅನುಮಾನದಿಂದ ಓದಬೇಕಾದ ಕಾರಣ ಇಲ್ಲಿದೆ.

ಕ್ರಿಯೇಟಿನ್ ನಮ್ಮ ಸ್ನಾಯುಗಳಲ್ಲಿ ಸಹಜವಾಗಿಯೇ ಇರುವ ವಸ್ತು. ಭಾರ ಎತ್ತುವಾಗ, ಜೋರಾಗಿ ಓಡುವಾಗ ಬೇಕಾಗುವ ದಿಢೀರ್ ಶಕ್ತಿಯನ್ನು ಮತ್ತೆ ಮತ್ತೆ ತುಂಬಿಕೊಡುವುದು ಅದರ ಕೆಲಸ. ಸ್ವಲ್ಪವನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಸ್ವಲ್ಪ ಮಾಂಸ ಮತ್ತು ಮೀನಿನಿಂದ ಬರುತ್ತದೆ. ಪೂರಕವಾಗಿ ತೆಗೆದುಕೊಳ್ಳುವವರು ಸಾಮಾನ್ಯವಾಗಿ ದಿನಕ್ಕೆ 3ರಿಂದ 5 ಗ್ರಾಂ ಸೇವಿಸುತ್ತಾರೆ. ಔಷಧದ ಮಾತ್ರೆಗಳಿಗೆ ಹೋಲಿಸಿದರೆ ಇದು ಬಹಳ ದೊಡ್ಡ ಪ್ರಮಾಣ. ಮುಂದಿನ ತೊಡಕುಗಳಲ್ಲಿ ಅರ್ಧದಷ್ಟು ಈ ಗಾತ್ರದಿಂದಲೇ ಹುಟ್ಟಿಕೊಳ್ಳುತ್ತವೆ.

ನೀರಿನಲ್ಲಿ ಕರಗಿದ ಕ್ರಿಯೇಟಿನ್ ಅಣು ತನ್ನ ಬಾಲವನ್ನು ತಾನೇ ಹಿಡಿದುಕೊಂಡಂತೆ ಬಾಗಿ ಉಂಗುರವಾಗುತ್ತದೆ, ಹಾಗಾಗುವಾಗ ಒಂದು ನೀರಿನ ಅಣುವನ್ನು ಕಳೆದುಕೊಳ್ಳುತ್ತದೆ. ಉಳಿಯುವ ವಸ್ತುವಿನ ಹೆಸರು ಕ್ರಿಯೇಟಿನಿನ್. ಮೂತ್ರಪಿಂಡದ ಪರೀಕ್ಷೆಗೆ ರಕ್ತ ಕೊಟ್ಟವರು ವರದಿಯಲ್ಲಿ ನೋಡಿರುವ ಕ್ರಿಯೇಟಿನಿನ್ ಕೂಡ ಇದೇ. ಸ್ನಾಯುವಿಗೆ ಇದರಿಂದ ಉಪಯೋಗವಿಲ್ಲ, ದೇಹ ಇದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಈ ಬದಲಾವಣೆ ಎಷ್ಟು ವೇಗವಾಗಿ ಆಗುತ್ತದೆ ಎಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಪಾನೀಯದ ಹುಳಿ ಮತ್ತು ಅದರ ಬಿಸಿ. 25 ಡಿಗ್ರಿಯಲ್ಲಿ, ಹುಳಿಯಿಲ್ಲದ ನೀರಿನಲ್ಲಿ, 3 ದಿನವಾದರೂ ಹೆಚ್ಚೇನೂ ನಷ್ಟವಿಲ್ಲ. ಪಿಎಚ್ 5.5ಕ್ಕೆ ಇಳಿದರೆ ಅಷ್ಟೇ ಸಮಯದಲ್ಲಿ ಶೇ. 4ರಷ್ಟು ಹೋಗುತ್ತದೆ, 4.5ರಲ್ಲಿ ಶೇ. 12, ಹಣ್ಣಿನ ರುಚಿಯ ಪಾನೀಯಗಳಷ್ಟು ಹುಳಿಯಿರುವ 3.5ರಲ್ಲಿ ಶೇ. 21. ಇದು ಬರೀ 3 ದಿನದ ಲೆಕ್ಕ. ಕಾರ್ಖಾನೆಯಿಂದ ಗೋದಾಮು, ಗೋದಾಮಿನಿಂದ ಅಂಗಡಿ ಎಂದು ತಿಂಗಳುಗಟ್ಟಲೆ ಸುತ್ತುವ ಬಾಟಲಿಯಲ್ಲಿ ಏನು ಉಳಿದೀತು ಎಂಬುದನ್ನು ಓದುಗರೇ ಊಹಿಸಬಹುದು.

ಹಾಗಾದರೆ ಹೊಟ್ಟೆಯ ಆಮ್ಲದಲ್ಲಿ ಎಲ್ಲವೂ ಹಾಳಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ಜಠರದಷ್ಟು ತೀವ್ರವಾದ ಆಮ್ಲದಲ್ಲಿ ಅಣು ಉಂಗುರವಾಗುವುದು ಮತ್ತೆ ನಿಧಾನವಾಗುತ್ತದೆ, ಅಲ್ಲಿ ಅದು ಇರುವ ಹೊತ್ತೂ ಕಡಿಮೆ. ನುಂಗಿದ ಕ್ರಿಯೇಟಿನ್ ಬಹುಪಾಲು ಹಾಗೆಯೇ ರಕ್ತಕ್ಕೆ ಸೇರುತ್ತದೆ. ನಷ್ಟವಾಗುವುದು ಬಾಟಲಿಯಲ್ಲಿ.

ದ್ರವದ ಎರಡನೆಯ ತೊಡಕು ಕರಗುವಿಕೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 14 ಗ್ರಾಂ ಕ್ರಿಯೇಟಿನ್ ಮೊನೊಹೈಡ್ರೇಟನ್ನು ಮಾತ್ರ ಕರಗಿಸಿಕೊಳ್ಳುತ್ತದೆ, ಫ್ರಿಜ್ಜಿನ 4 ಡಿಗ್ರಿಯಲ್ಲಿ ಸುಮಾರು 6 ಗ್ರಾಂ. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಕೆಲವು ಲೇಬಲ್ಲುಗಳ ಸುಳ್ಳನ್ನು ಪ್ರಯೋಗಾಲಯಕ್ಕೆ ಹೋಗದೆಯೇ ಹಿಡಿಯಬಹುದು. ಅಮೆರಿಕದಲ್ಲಿ ಈ ಶತಮಾನದ ಆರಂಭದ ಸುಮಾರಿಗೆ ‘ಕ್ರಿಯೇಟಿನ್ ಸೀರಮ್’ ಎಂಬ ಹನಿಗಳು ಮಾರಾಟವಾಗುತ್ತಿದ್ದವು. ಒಂದು ಸಣ್ಣ ಚಮಚದಷ್ಟು, ಅಂದರೆ 5 ಮಿಲಿಲೀಟರ್ ದ್ರವ, ಎರಡೂವರೆ ಗ್ರಾಂ ಕ್ರಿಯೇಟಿನ್‌ಗೆ ಸಮ ಎಂದು ಮಾರುವವರು ಹೇಳುತ್ತಿದ್ದರು. ಲೆಕ್ಕ ಹಾಕಿ ನೋಡಿ: ಲೀಟರಿಗೆ 14 ಗ್ರಾಂ ಎಂದರೆ 5 ಮಿಲಿಲೀಟರಿಗೆ 0.07 ಗ್ರಾಂ, ಅಂದರೆ 70 ಮಿಲಿಗ್ರಾಂ. ಉಳಿದದ್ದೆಲ್ಲ ಬಾಟಲಿಯ ತಳದಲ್ಲಿ ಬಿಳಿ ಕೆಸರಾಗಿ ಕೂತಿರಬೇಕಿತ್ತು. ಕ್ರಿಯೇಟಿನ್ ಸಂಶೋಧನೆಯಲ್ಲಿ ದೊಡ್ಡ ಹೆಸರಾದ ರೋಜರ್ ಹ್ಯಾರಿಸ್ ಮತ್ತು ಸಂಗಡಿಗರು ಆ ಸೀರಮ್ಮನ್ನು ಪರೀಕ್ಷಿಸಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಸೇವನೆಯಲ್ಲಿದ್ದ ಕ್ರಿಯೇಟಿನ್ 10 ಮಿಲಿಗ್ರಾಮಿಗೂ ಕಡಿಮೆ. ಅದನ್ನು ಕುಡಿದವರ ರಕ್ತದಲ್ಲಿ, ಪುಡಿ ತೆಗೆದುಕೊಂಡಾಗ ಕಾಣುವಂಥ ಏರಿಕೆಯೂ ಕಾಣಲಿಲ್ಲ.

ಕ್ಯಾನಿನಲ್ಲಿ ಬರುವ ಎನರ್ಜಿ ಡ್ರಿಂಕ್‌ಗಳದು ಇನ್ನೊಂದು ಬಗೆ. ಅಮೆರಿಕದ ಬ್ಯಾಂಗ್ ಪಾನೀಯದ ಮೇಲೆ ‘ಸೂಪರ್ ಕ್ರಿಯೇಟಿನ್’ ಎಂದು ಬರೆದಿರುತ್ತಿತ್ತು. ಅದರಲ್ಲಿದ್ದದ್ದು ಕ್ರಿಯೇಟಿನ್‌ಗೆ ಲ್ಯೂಸಿನ್ ಎಂಬ ಅಮೈನೊ ಆಮ್ಲವನ್ನು ಬೆಸೆದ ಬೇರೆಯೇ ಅಣು. ನೀರಿನಲ್ಲಿ ಅದು ಕೆಡದೆ ಉಳಿಯುತ್ತಿತ್ತು ನಿಜ, ಆದರೆ ದೇಹದೊಳಗೆ ಬಿಡಿಸಿಕೊಂಡು ಕ್ರಿಯೇಟಿನ್ ಆಗುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಪ್ರತಿಸ್ಪರ್ಧಿ ಮಾನ್‌ಸ್ಟರ್ ಕಂಪನಿ ಹೂಡಿದ ದಾವೆಯಲ್ಲಿ 2022ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿ ಈ ಜಾಹೀರಾತು ಸುಳ್ಳೆಂದು ತೀರ್ಮಾನಿಸಿ ಸುಮಾರು 29 ಕೋಟಿ ಡಾಲರ್ ಪರಿಹಾರ ಕೊಡಿಸಿತು.

ಈಗ ಗಮ್ಮಿಗಳಿಗೆ ಬರೋಣ. ಇತ್ತೀಚೆಗೆ ಹೆಚ್ಚು ದೂರು ಕೇಳಿಬರುತ್ತಿರುವುದು ಇವುಗಳ ವಿಷಯದಲ್ಲೇ. ಗಮ್ಮಿ ಮಾಡುವ ಕ್ರಮ ಹೀಗಿದೆ: ಸಕ್ಕರೆ ಮತ್ತು ಗ್ಲೂಕೋಸ್ ಪಾಕವನ್ನು ನೀರಿನ ಕುದಿಬಿಂದು ದಾಟುವವರೆಗೆ ಕಾಯಿಸಿ, ಜೆಲಾಟಿನ್ ಅಥವಾ ಪೆಕ್ಟಿನ್ ಸೇರಿಸಿ, ಬಣ್ಣ, ರುಚಿ, ಸಿಟ್ರಿಕ್ ಆಮ್ಲ ಹಾಕಿ, ಬಿಸಿಯಿರುವಾಗಲೇ ಅಚ್ಚಿಗೆ ಸುರಿಯುತ್ತಾರೆ. ಸಸ್ಯಾಹಾರಿಗಳಿಗೆಂದು ಪೆಕ್ಟಿನ್ ಬಳಸಿದರೆ ಹುಳಿ ಬೇಕೇಬೇಕು. ಸಾಮಾನ್ಯವಾಗಿ ಬಳಸುವ ಪೆಕ್ಟಿನ್ ಪಿಎಚ್ ಮೂರೂವರೆಯ ಆಸುಪಾಸಿಗೆ ಬಂದರಷ್ಟೇ ಗಟ್ಟಿಯಾಗುತ್ತದೆ. ಬಿಸಿ, ಹುಳಿ, ನೀರು ಮೂರೂ ಒಂದೇ ಪಾತ್ರೆಯಲ್ಲಿ ಸೇರುತ್ತವೆ. ಕ್ರಿಯೇಟಿನ್ ಹಾಳಾಗಲು ಇದಕ್ಕಿಂತ ಅನುಕೂಲವಾದ ಜಾಗವಿಲ್ಲ.

ಗಮ್ಮಿಯ ಪರವಾಗಿ ಒಂದು ಮಾತನ್ನೂ ಹೇಳಬೇಕು. ಅಚ್ಚಿನಲ್ಲಿ ಗಟ್ಟಿಯಾದ ಮೇಲೆ ಅದರಲ್ಲಿ ಉಳಿಯುವ ನೀರು ಕಡಿಮೆ, ಹಾಗಾಗಿ ಕ್ರಿಯೇಟಿನ್‌ನ ಬಹುಪಾಲು ಕರಗದೆ ಹರಳಾಗಿಯೇ ಕೂತಿರಬಲ್ಲದು. ಕರಗದ ಹರಳು ಬೇಗ ಕೆಡುವುದಿಲ್ಲ. ಪಾಕ ತುಸು ಆರಿದ ಮೇಲೆ, ಕಟ್ಟಕಡೆಗೆ, ಪುಡಿಯನ್ನು ಬೆರೆಸಿ ಬೇಗ ತಣಿಸುವ ಜಾಣ ತಯಾರಕರು ಲೇಬಲ್ಲಿನ ಮಾತು ಉಳಿಸಿಕೊಳ್ಳುತ್ತಾರೆ. ಆದರೆ ಹರಳಿನ ಮರಳು ಹಲ್ಲಿಗೆ ಸಿಗುತ್ತದೆ. ಹೆಚ್ಚು ಹಾಕಿದರೆ ಪಾಕ ಸರಿಯಾಗಿ ಹೆಪ್ಪುಗಟ್ಟದೆ ಗಮ್ಮಿ ಪುಡಿಪುಡಿಯಾಗುತ್ತದೆ. ಪುಡಿಯನ್ನು ಕಡಿಮೆ ಮಾಡುವ ಆಸೆ ಹುಟ್ಟುವುದು ಇಲ್ಲಿ. 2025ರಲ್ಲಿ ಅಮೆರಿಕದ ಸಪ್‌ಕೋ ಸಂಸ್ಥೆ ಆನ್‌ಲೈನಿನಲ್ಲಿ ಮಾರಾಟವಾಗುವ 6 ಗಮ್ಮಿಗಳನ್ನು ಪರೀಕ್ಷೆಗೆ ಕಳಿಸಿದಾಗ 4 ತೇರ್ಗಡೆಯಾಗಲಿಲ್ಲ. ಬಿದ್ದವುಗಳಲ್ಲಿ ಹೇಳಿದ ಪ್ರಮಾಣದ ಒಂದು ಚೂರು ಮಾತ್ರ ಇತ್ತು.

ಹೀಗೆ ಬಿದ್ದ ಗಮ್ಮಿಯ ಬಗ್ಗೆ ಕೇಳಬೇಕಾದ ಪ್ರಶ್ನೆ ಒಂದೇ: ಹಾಕಿದ್ದು ಕೆಟ್ಟುಹೋಯಿತೋ, ಹಾಕಿಯೇ ಇರಲಿಲ್ಲವೋ? ಎಚ್‌ಪಿಎಲ್‌ಸಿ ಎಂಬ ಯಂತ್ರ ಇದಕ್ಕೆ ಉತ್ತರ ಹೇಳುತ್ತದೆ. ಮಾದರಿಯ ದ್ರಾವಣವನ್ನು ಒತ್ತಡದಿಂದ ಸಣ್ಣ ಕೊಳವೆಯ ಮೂಲಕ ಹಾಯಿಸಿದಾಗ ಕ್ರಿಯೇಟಿನ್ ಮತ್ತು ಕ್ರಿಯೇಟಿನಿನ್ ಬೇರೆ ಬೇರೆ ಹೊತ್ತಿಗೆ ಹೊರಬರುತ್ತವೆ, ಎರಡನ್ನೂ ಒಟ್ಟಿಗೇ ಅಳೆಯಬಹುದು. ಕೆಟ್ಟ ಕ್ರಿಯೇಟಿನ್ ಮಾಯವಾಗುವುದಿಲ್ಲ. 1 ಗ್ರಾಂ ಮೊನೊಹೈಡ್ರೇಟ್ ಪೂರ್ತಿ ಕೆಟ್ಟರೆ 0.76 ಗ್ರಾಂ ಕ್ರಿಯೇಟಿನಿನ್ ಅಲ್ಲೇ ಉಳಿಯುತ್ತದೆ.

ಒಂದು ಕಲ್ಪಿತ ಲೆಕ್ಕ ಮಾಡೋಣ. ಎರಡು ಡಬ್ಬಿಗಳ ಮೇಲೂ 5 ಗ್ರಾಂ ಎಂದಿದೆ. ಮೊದಲನೆಯದರಲ್ಲಿ 3.8 ಗ್ರಾಂ ಮೊನೊಹೈಡ್ರೇಟ್ ಮತ್ತು 0.9 ಗ್ರಾಂ ಕ್ರಿಯೇಟಿನಿನ್ ಸಿಕ್ಕಿತು. 0.9ನ್ನು 0.76ರಿಂದ ಭಾಗಿಸಿದರೆ ಸುಮಾರು 1.2. ಎರಡೂ ಸೇರಿ 5 ಗ್ರಾಂ. ಈ ತಯಾರಕ ಅಳತೆ ಸರಿಯಾಗಿಯೇ ಹಾಕಿದ್ದಾನೆ, ಆಮೇಲೆ ಕೆಟ್ಟಿದೆ. ಎರಡನೆಯದರಲ್ಲಿ ಸಿಕ್ಕಿದ್ದು 0.2 ಗ್ರಾಂ ಮೊನೊಹೈಡ್ರೇಟ್, 0.05 ಗ್ರಾಂ ಕ್ರಿಯೇಟಿನಿನ್. ಏನು ಕೂಡಿಸಿದರೂ ಕಾಲು ಗ್ರಾಮಿನ ಆಸುಪಾಸು. ಇಲ್ಲಿ ಬಿಸಿಯನ್ನಾಗಲಿ ಹುಳಿಯನ್ನಾಗಲಿ ದೂರುವಂತಿಲ್ಲ. ಮೊದಲನೆಯದು ತಯಾರಿಕೆಯ ದೋಷ, ಎರಡನೆಯದು ಗ್ರಾಹಕನಿಗೆ ಮಾಡಿದ ಮೋಸ ಎಂದೇ ನಾನು ಹೇಳುತ್ತೇನೆ. ಕ್ರಿಯೇಟಿನಿನ್ ಅಂಕಿಯಿಲ್ಲದ ವರದಿಯಿಂದ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ಪರೀಕ್ಷೆಯೂ ಎಡವಬಹುದು. ಗಮ್ಮಿಯನ್ನು ಪೂರ್ತಿ ಕರಗಿಸದೆ ಅಳೆದರೆ ಒಳಗಿನ ಹರಳು ಲೆಕ್ಕಕ್ಕೆ ಸಿಗದೆ ಕಡಿಮೆ ತೋರಿಸುತ್ತದೆ, ಬಿಸಿ ಆಮ್ಲದಲ್ಲಿ ಹೆಚ್ಚು ಹೊತ್ತು ಕರಗಿಸಿದರೆ ಕೆಡುವ ಕೆಲಸ ಪ್ರಯೋಗಾಲಯದಲ್ಲೇ ನಡೆದುಹೋಗುತ್ತದೆ. ಒಂದೇ ಗಮ್ಮಿಯನ್ನು ಅಳೆಯುವ ಬದಲು ಹಲವನ್ನು ಒಟ್ಟಿಗೆ ಅರೆದು ಅಳೆಯುವುದು ಮೇಲು.

ಕೊಳ್ಳುವವರು ಅಂಗಡಿಯಲ್ಲೇ ಮಾಡಬಹುದಾದ ಲೆಕ್ಕವೊಂದಿದೆ. ಡಬ್ಬಿಯ ನಿವ್ವಳ ತೂಕವನ್ನು ಗಮ್ಮಿಗಳ ಸಂಖ್ಯೆಯಿಂದ ಭಾಗಿಸಿ. 180 ಗ್ರಾಂ ಡಬ್ಬಿಯಲ್ಲಿ 90 ಗಮ್ಮಿ ಇದ್ದರೆ ಒಂದು 2 ಗ್ರಾಂ ತೂಗುತ್ತದೆ. 3 ಗಮ್ಮಿಯಲ್ಲಿ 5 ಗ್ರಾಂ ಕ್ರಿಯೇಟಿನ್ ಎಂದು ಬರೆದಿದ್ದರೆ 6 ಗ್ರಾಮಿನಲ್ಲಿ ಸಕ್ಕರೆ, ಜೆಲಾಟಿನ್, ನೀರು ಎಲ್ಲಕ್ಕೂ ಉಳಿಯುವುದು ಒಂದೇ ಗ್ರಾಂ. ಅಂಥ ಗಮ್ಮಿ ಜಗಿಯಲು ಬರುವಂತೆ ನಿಲ್ಲಲಾರದು. ಬಾಟಲಿಯಾದರೆ, ತಿಳಿಯಾದ 250 ಮಿಲಿಲೀಟರ್ ದ್ರವದಲ್ಲಿ ಮೂರೂವರೆ ಗ್ರಾಮಿಗಿಂತ ಹೆಚ್ಚು ಕರಗಿರುವುದು ಕಷ್ಟ ಎಂದು ನೆನಪಿರಲಿ. ಮನೆಯಲ್ಲಿ 5 ಗ್ರಾಂ ಪುಡಿಯನ್ನು ಒಂದು ಲೋಟ ತಣ್ಣೀರಿಗೆ ಹಾಕಿದಾಗ ತಳದಲ್ಲಿ ಉಳಿಯುವ ಬಿಳಿ ಪುಡಿ ಕಲಬೆರಕೆಯಲ್ಲ, ಕರಗದೆ ಉಳಿದ ಕ್ರಿಯೇಟಿನ್. ಇನ್ನಷ್ಟು ನೀರು ಹಾಕಿ ಕುಲುಕಿ ಅದನ್ನೂ ಕುಡಿಯಬೇಕು. ನಿಂಬೆರಸ ಬೆರೆಸಿದರೂ ಆಗಲೇ ಕುಡಿದರೆ ತೊಂದರೆಯಿಲ್ಲ.

ಪ್ರಯೋಗಾಲಯದ ಪ್ರಮಾಣಪತ್ರ ತೋರಿಸುವ ಮಾರಾಟಗಾರರನ್ನು ಎರಡು ಪ್ರಶ್ನೆ ಕೇಳಿ: ಇದು ಕಚ್ಚಾ ಪುಡಿಯ ಪರೀಕ್ಷೆಯೋ, ಈ ಬ್ಯಾಚಿನ ಸಿದ್ಧ ಗಮ್ಮಿಯ ಪರೀಕ್ಷೆಯೋ? ತಯಾರಾದ ವಾರದ್ದೋ, ತಿಂಗಳುಗಳು ಕಳೆದ ಮೇಲಿನದ್ದೋ? ಮುದ್ರೆಗಳ ವಿಷಯದಲ್ಲೂ ಎಚ್ಚರ ಬೇಕು. ‘ಇನ್ಫಾರ್ಮ್ಡ್ ಸ್ಪೋರ್ಟ್’ ಮುದ್ರೆ ಮುಖ್ಯವಾಗಿ ಕ್ರೀಡೆಯಲ್ಲಿ ನಿಷೇಧಿಸಿದ ವಸ್ತುಗಳ ಪತ್ತೆಗೆ ಸಂಬಂಧಿಸಿದ್ದು, ಕ್ರಿಯೇಟಿನ್ ಎಷ್ಟಿದೆ ಎಂಬುದಕ್ಕೆ ಸಾಕ್ಷಿಯಲ್ಲ. ‘ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್’ ಲೇಬಲ್ಲಿನ ಪ್ರಮಾಣವನ್ನೂ ನೋಡುತ್ತದೆ. ನಮ್ಮಲ್ಲಿ ಡಬ್ಬಿಯ ಮೇಲೆ ಕಾಣುವ ಎಫ್‌ಎಸ್‌ಎಸ್‌ಎಐ ಸಂಖ್ಯೆ ಆಹಾರ ವ್ಯವಹಾರಕ್ಕೆ ಕೊಟ್ಟ ಪರವಾನಗಿಯ ಗುರುತು. ಅದೊಂದನ್ನೇ ನೋಡಿ ಕೈಯಲ್ಲಿರುವ ಬ್ಯಾಚನ್ನು ಅಳೆದಿದ್ದಾರೆ ಎಂದು ತಿಳಿಯಬಾರದು.

ಕೆಟ್ಟ ಪಾನೀಯ ಕುಡಿದರೆ ವಿಷವೇನೂ ಆಗುವುದಿಲ್ಲ, ಆದರೆ ಅದರಲ್ಲಿರುವ ಕ್ರಿಯೇಟಿನಿನ್ ರಕ್ತಕ್ಕೆ ಸೇರಿ ವರದಿಯ ಅಂಕಿಯನ್ನು ತಾತ್ಕಾಲಿಕವಾಗಿ ಏರಿಸಬಹುದು. ಮೂತ್ರಪಿಂಡದ ಪರೀಕ್ಷೆಗೆ ಹೋಗುವವರು ಪುಡಿ, ಬಾಟಲಿ, ಗಮ್ಮಿ ಯಾವುದನ್ನು ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಮೊದಲೇ ಹೇಳಬೇಕು.